ಇಪ್ಪತ್ತಾರು ಇ-ಮೇಲ್, ಒಂದೇ ಪುಟ



ರಾಯಚೂರು ಜಿಲ್ಲೆಯ ದೇವಸುಗೂರಿನ ಮಗ್ಗುಲಲ್ಲಿರುವ ಶಕ್ತಿನಗರದ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಕೆಲಸ ಆರಂಭಿಸಿತು. ನಂತರ ಕಟ್ಟಿದವೂ ಸೇರಿ 8 ಘಟಕಗಳು. 7 ತಲಾ 210 ಮೆಗಾವ್ಯಾಟಿನವು, ಒಂದು 250ರದು. 210 ಮೆಗಾವ್ಯಾಟಿನ ಘಟಕ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ದಿನಕ್ಕೆ ಸುಮಾರು 3,500 ಟನ್ ಕಲ್ಲಿದ್ದಲು ಬೇಕು. ಒಂದು ಗೂಡ್ಸ್ ರೈಲು ಹೊತ್ತು ತರುವುದೂ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಒಂದು ಘಟಕಕ್ಕೆ ದಿನಕ್ಕೊಂದು ರೈಲು. ರೈಲು ತಪ್ಪಿದರೆ ಇ-ಮೇಲ್‌ಗಳ ಮಳೆ.

ಇಂಥ ಕೇಂದ್ರದ ಕಚೇರಿಯಲ್ಲಿ ನೀವು ಕೆಲಸಕ್ಕೆ ಸೇರಿದ್ದೀರಿ ಎನ್ನೋಣ. ಮುಂದೆ ಹೇಳುವ ಪ್ರಸಂಗ ಪಾಠಕ್ಕಾಗಿ ಕಟ್ಟಿದ್ದು. ಮಳೆಗಾಲ, 4 ಘಟಕಗಳು ನಡೆಯುತ್ತಿವೆ. ಮೂರು ದಿನಗಳಲ್ಲಿ 26 ಇ-ಮೇಲ್‌ಗಳು ಒಂದಕ್ಕೊಂದು ಉತ್ತರವಾಗಿ ಸರಪಣಿಯಂತೆ ಬೆಳೆದಿವೆ. ನಿರ್ದೇಶಕರು ಸಂಜೆ ಬೆಂಗಳೂರಿಗೆ ಹೊರಡುವವರು. ‘ಒಂದು ಪುಟದಲ್ಲಿ ಕೊಡಿ’ ಎಂದಿದ್ದಾರೆ.

ಹೊಸಬರು ಸಾಮಾನ್ಯವಾಗಿ ಮೊದಲ ಪತ್ರದಿಂದ ಆರಂಭಿಸಿ, ಪ್ರತಿಯೊಂದಕ್ಕೂ ಒಂದು ವಾಕ್ಯ ಬರೆಯುತ್ತಾರೆ. ಅದು ಸಣ್ಣದಾದ ಸರಪಣಿಯೇ ಹೊರತು ಟಿಪ್ಪಣಿಯಲ್ಲ. ನೀವು ಮೊದಲು ಕೊನೆಯ ಪತ್ರವನ್ನು ಓದಿ. ನಿರ್ದೇಶಕರು ಏನನ್ನು ತೀರ್ಮಾನಿಸಬೇಕು ಎಂಬುದು ಅಲ್ಲಿ ತಿಳಿಯುತ್ತದೆ. ನಮ್ಮ ಪ್ರಸಂಗದಲ್ಲಿ ಪ್ರಶ್ನೆ ಇಷ್ಟೇ: ಒಂದು ಘಟಕವನ್ನು ಇಂದೇ ನಿಲ್ಲಿಸಬೇಕೆ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು, ಹಳೆಯದರಿಂದ ಹೊಸದರ ಕಡೆಗೆ ಓದುತ್ತ ಬನ್ನಿ. ಪ್ರತಿ ಅಂಕಿಯ ಎದುರು ಯಾರು ಹೇಳಿದ್ದು, ಯಾವ ದಿನ, ಎಷ್ಟು ಗಂಟೆಗೆ ಎಂದು ಗುರುತು ಹಾಕಿ.

ಈಗ ತೊಡಕು ಎದುರಾಗುತ್ತದೆ. ಬುಧವಾರ ಬೆಳಿಗ್ಗೆ ಕಲ್ಲಿದ್ದಲು ವಿಭಾಗ ‘42,000 ಟನ್ ದಾಸ್ತಾನಿದೆ’ ಎನ್ನುತ್ತದೆ. ಅದೇ ಬೆಳಿಗ್ಗೆ ಘಟಕ ನಡೆಸುವವರು ‘ಎರಡೇ ದಿನಕ್ಕೆ ಸಾಕು’ ಎನ್ನುತ್ತಾರೆ. ನಾಲ್ಕು ಘಟಕಕ್ಕೆ ದಿನಕ್ಕೆ 14,000 ಟನ್. ಲೆಕ್ಕದಂತೆ ಮೂರು ದಿನಕ್ಕೆ ಬರಬೇಕಲ್ಲ? ಒಂದನ್ನು ಸುಳ್ಳೆಂದು ಬಿಟ್ಟುಬಿಡಬೇಡಿ, ನಡುವಿನ ಅಂಕಿಯನ್ನೂ ಹುಡುಕಬೇಡಿ. 14ನೆಯ ಪತ್ರದಲ್ಲಿ ಕಾರಣವಿದೆ: 14,000 ಟನ್ ಮಳೆಗೆ ನೆನೆದು ಕೆಸರಾಗಿದೆ, ಹಾಕಿದರೆ ಕೊಳವೆಗಳಲ್ಲಿ ಅಂಟಿಕೊಳ್ಳುತ್ತದೆ. ಅಂಗಳದಲ್ಲಿರುವುದು 42,000, ಸುಡಲು ಒದಗುವುದು 28,000. ಇಬ್ಬರ ಮಾತೂ ನಿಜ. ಟಿಪ್ಪಣಿಯಲ್ಲಿ ಎರಡೂ ಇರಬೇಕು.

ರೈಲಿನ ಅಂಕಿಯ ಕಥೆ ಬೇರೆ. ಸೋಮವಾರ ‘ದಿನಕ್ಕೆ 4 ರೈಲು ಬರುತ್ತವೆ’ ಎಂದಿತ್ತು. ಬುಧವಾರ ಅದೇ ಅಧಿಕಾರಿ ‘2 ಮಾತ್ರ’ ಎಂದು ತಿದ್ದಿದ್ದಾರೆ. ಇಲ್ಲಿ ಹಳೆಯದು ಸತ್ತ ಅಂಕಿ. ಆದರೆ ಇ-ಮೇಲ್‌ನಲ್ಲಿ ಪ್ರತಿ ಉತ್ತರದ ಕೆಳಗೂ ಹಳೆಯ ಪತ್ರ ಅಂಟಿಕೊಂಡೇ ಬರುವುದರಿಂದ ಆ 4 ಹತ್ತಾರು ಕಡೆ ಕಾಣುತ್ತದೆ, 2 ಒಂದೇ ಕಡೆ. ಎಷ್ಟು ಸಲ ಕಂಡಿತು ಎಂಬುದನ್ನು ನೋಡಿ ನಂಬುವವರು ಇಲ್ಲಿಯೇ ಮುಗ್ಗರಿಸುವುದು.

ಇನ್ನು ಲೆಕ್ಕ ಸುಲಭ. ದಿನಕ್ಕೆ 2 ರೈಲು ಎಂದರೆ 7,000 ಟನ್. ನಾಲ್ಕೂ ಘಟಕ ನಡೆದರೆ ದಾಸ್ತಾನು ದಿನಕ್ಕೆ 7,000 ಟನ್ ಕರಗಿ, 4 ದಿನಕ್ಕೆ ಮುಗಿಯುತ್ತದೆ. ಒಂದನ್ನು ನಿಲ್ಲಿಸಿದರೆ ಕರಗುವುದು 3,500. 8 ದಿನ ಬರುತ್ತದೆ.

ಇಷ್ಟಕ್ಕೇ ಟಿಪ್ಪಣಿ ಮುಗಿಸುವ ಆಸೆ ಆಗುತ್ತದೆ. ಆದರೆ 17ನೆಯ ಪತ್ರ ಉಳಿದಿದೆ. ಒಬ್ಬ ಎಂಜಿನಿಯರ್ ಎಲ್ಲರಿಗೂ ಅಲ್ಲ, ಒಬ್ಬರಿಗೆ ಮಾತ್ರ ಉತ್ತರಿಸಿ, ‘ನಿಂತ ಘಟಕವನ್ನು ಮತ್ತೆ ಹೊತ್ತಿಸಲು ಎಣ್ಣೆ ಬೇಕು, ಸಾಕಷ್ಟಿದೆಯೇ?’ ಎಂದು ಕೇಳಿದ್ದಾರೆ. ಉತ್ತರ ಬಂದಿಲ್ಲ. ಮಾತು ಮುಂದೆ ಸಾಗಿದೆ. ಉಳಿದವರ ಮೌನವನ್ನು ‘ಎಲ್ಲರೂ ಒಪ್ಪಿದ್ದಾರೆ’ ಎಂದು ಬರೆಯಬಾರದು. ನನ್ನ ಅಭಿಪ್ರಾಯದಲ್ಲಿ ಟಿಪ್ಪಣಿ ಬರೆಯುವವನ ಪರೀಕ್ಷೆ ಇದೇ. ಫೋನ್ ಎತ್ತಿ ಎಣ್ಣೆ ವಿಭಾಗವನ್ನು ಕೇಳಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ.

ಪುಟ ಹೀಗೆ ಶುರುವಾಗಲಿ:

‘ಇಂದು ಸಂಜೆ 4 ಗಂಟೆಯೊಳಗೆ ತೀರ್ಮಾನ ಬೇಕು: ಒಂದು ಘಟಕವನ್ನು ನಿಲ್ಲಿಸುವುದೇ? ನಿಲ್ಲಿಸದಿದ್ದರೆ ಬಳಸಬಹುದಾದ ಕಲ್ಲಿದ್ದಲು 4 ದಿನ, ನಿಲ್ಲಿಸಿದರೆ 8 ದಿನ. ಅಂಗಳದಲ್ಲಿ 42,000 ಟನ್. ನೆನೆದದ್ದು ಬಿಟ್ಟು 28,000 (ಬುಧವಾರ ಬೆಳಿಗ್ಗೆ). ರೈಲು ದಿನಕ್ಕೆ 2. ಸೋಮವಾರದ 4 ಎಂಬುದು ತಿದ್ದುಪಡಿಯಾಗಿದೆ. ಇತ್ಯರ್ಥವಾಗದ್ದು: ಮರುಚಾಲನೆಗೆ ಎಣ್ಣೆ ಸಾಕೇ ಎಂಬ ಆಕ್ಷೇಪ.’

ಯಾರು ಯಾರನ್ನು ದೂರಿದರು ಎಂಬುದು ಪುಟಕ್ಕೆ ಬೇಡ. ಪ್ರತಿ ಅಂಕಿಯ ಪಕ್ಕದಲ್ಲಿ ಪತ್ರದ ಸಂಖ್ಯೆ ಬರೆದು, ಮೂಲ ಸರಪಣಿಯನ್ನು ಹಿಂದೆ ಲಗತ್ತಿಸಿ. ಕಳುಹಿಸುವ ಮುನ್ನ ಕಲ್ಲಿದ್ದಲು ವಿಭಾಗಕ್ಕೂ ಆ ಎಂಜಿನಿಯರಿಗೂ ಒಮ್ಮೆ ಓದಿ ಹೇಳಿ. ‘ನಾನು ಹಾಗೆ ಹೇಳಲಿಲ್ಲ’ ಎನ್ನುವುದಿದ್ದರೆ ಅವರು ಆಗಲೇ ಹೇಳಲಿ. ನಿರ್ದೇಶಕರ ಕಾರು ಹೊರಟ ಮೇಲೆ ಅಲ್ಲ.