“ನೋಡ್ತೀನಿ” ಅಂದರೆ ಒಪ್ಪಿದ ಹಾಗಲ್ಲ
(ಕನ್ನಡ ವೃತ್ತಿಪರರ ಕೂಟದಲ್ಲಿ ಆಡಿದ ಮಾತು)



ಊರಲ್ಲಿ ಯಾರಾದರೂ ಕೆಲಸ ಹೇಳಿದಾಗ “ನೋಡೋಣ” ಅಂದರೆ, ಅದು ಆಗೋದಿಲ್ಲ ಅಂತ ಕೇಳಿದವರಿಗೆ ಗೊತ್ತಾಗುತ್ತದೆ. ಇಲ್ಲಿ ಅಮೆರಿಕದ ಮ್ಯಾನೇಜರಿಗೆ “ಐ ವಿಲ್ ಟ್ರೈ” ಅಂದರೆ ಆತ ಅದನ್ನು ಒಪ್ಪಿಗೆ ಅಂತಲೇ ಬರೆದುಕೊಳ್ಳುತ್ತಾನೆ. ವೀಸಾ ಕಂಪನಿಯ ಕೈಯಲ್ಲಿರುವ ನಮಗೆ ನೇರವಾಗಿ ಇಲ್ಲ ಅನ್ನಲು ಭಯ. ಆದ್ದರಿಂದ ಇಲ್ಲ ಅನ್ನುವುದನ್ನು ಲೆಕ್ಕದ ಮೂಲಕ ಹೇಳುವುದೇ ವಾಸಿ.

ನನ್ನದೇ ಒಂದು ವಾರ ತೆಗೆದುಕೊಳ್ಳಿ. ವಾರಕ್ಕೆ 40 ಗಂಟೆ. ಅದರಲ್ಲಿ ಮೀಟಿಂಗುಗಳಿಗೆ 13, ಸಪೋರ್ಟಿಗೆ 8, ಬೇರೆಯವರ ಕೋಡ್ ನೋಡಲು 4. ಉಳಿದದ್ದು 15. ಶುಕ್ರವಾರದೊಳಗೆ ರಿಲೀಸ್ ಕೆಲಸಕ್ಕೆ 12, ಪೇಮೆಂಟಿನ ದೋಷ ಸರಿಪಡಿಸಲು 6, ಅಂದರೆ ಒಟ್ಟು 18 ಬೇಕಿತ್ತು. ಆಗಲೇ 3 ಗಂಟೆ ಕೊರತೆ. ಅಷ್ಟರಲ್ಲಿ ಮಂಗಳವಾರ, ಗುರುವಾರ ಒಂದೊಂದು ಗಂಟೆಯ ಹೊಸ ಮೀಟಿಂಗಿಗೆ ಕರೆ ಬಂತು. ತಯಾರಿ ಸೇರಿದರೆ ಇನ್ನೂ 3.

ನಮ್ಮ ಮ್ಯಾನೇಜರ್ ಎರಡು ಮೀಟಿಂಗುಗಳ ನಡುವೆ ಫೋನಿನಲ್ಲೇ ಮಿಂಚೆ ಓದುವವನು. ಆದ್ದರಿಂದ ಇಷ್ಟೇ ಬರೆದೆ:

“ಈ ವಾರ ಹೊಸ ಮೀಟಿಂಗಿಗೆ ಬರಲಾಗುವುದಿಲ್ಲ. ನನ್ನಿಂದ ಏನಾದರೂ ತೀರ್ಮಾನ ಬೇಕಿದ್ದರೆ ಪ್ರಶ್ನೆ ಕಳಿಸಿ, ಬರೆದು ಉತ್ತರಿಸುತ್ತೇನೆ. ರಿಲೀಸಿಗೆ 12 ಗಂಟೆ, ದೋಷಕ್ಕೆ 6 ಗಂಟೆ ಬೇಕು, ನನ್ನಲ್ಲಿರುವುದು 15. ರಿಲೀಸ್ ಮೊದಲು ಮುಗಿಸಿ, ದೋಷವನ್ನು ಸೋಮವಾರ ಪೂರೈಸುತ್ತೇನೆ. ಕ್ರಮ ಬದಲಿಸಬೇಕಿದ್ದರೆ ಮಂಗಳವಾರ ಬೆಳಿಗ್ಗೆ 10ರೊಳಗೆ ತಿಳಿಸಿ.”

ಒಂದೇ ಸಾಲಿನ ಉತ್ತರ ಬಂತು: ದೋಷವೇ ಮೊದಲು, ಗ್ರಾಹಕರ ಹಣ ಸಿಕ್ಕಿಕೊಂಡಿದೆ, ರಿಲೀಸ್ ಮುಂದಿನ ವಾರವಾದರೂ ಸರಿ. ಹಣದ ವಿಷಯ ಆತನಿಗೆ ಗೊತ್ತಿತ್ತು, ನನಗೆ ತಿಳಿಸಿರಲಿಲ್ಲ. ಯಾವುದು ಮೊದಲು ಅಂತ ಕೇಳಬೇಕಾದದ್ದು ಇದಕ್ಕೇ.

ಮಿಂಚೆಯಲ್ಲಿ ಬರೀ “ತುಂಬಾ ಕೆಲಸವಿದೆ” ಅಂದಿದ್ದರೆ “ಹೇಗಾದರೂ ಹೊಂದಿಸಿಕೋ” ಅನ್ನುವ ಉತ್ತರ ಬರುತ್ತಿತ್ತು. “ಏನು ಮಾಡಲಿ?” ಅಂತ ಬಿಟ್ಟಿದ್ದರೆ ಆತ ಕೂತು ಯೋಚಿಸಬೇಕು, ಅದಕ್ಕೆ ಬಿಡುವಿಲ್ಲ. ನಾವೇ ಒಂದು ಕ್ರಮ ಬರೆದು, ಗಡುವು ಕೊಟ್ಟರೆ ಆತ ಒಪ್ಪಬೇಕು, ಇಲ್ಲವೇ ತಿದ್ದಬೇಕು, ಅಷ್ಟೇ.

“ಎಲ್ಲವೂ ಮುಖ್ಯ” ಅಂದರೆ? ಅದು ಉತ್ತರವಲ್ಲ. ಆಗ ಹೀಗೆ ಕೇಳಿ: “ಶುಕ್ರವಾರ ಸಂಜೆಗೆ ಒಂದೇ ಮುಗಿಯುವುದಾದರೆ ಯಾವುದು ಮುಗಿದಿರಬೇಕು?” ಬಾಯಲ್ಲಿ ಹೇಳಿದರೆ ಅದನ್ನೇ ಮಿಂಚೆಯಲ್ಲಿ ಬರೆದು ಕಳಿಸಿ.

ಒಂದು ಎಚ್ಚರಿಕೆ. ಆತ ಸುಮ್ಮನಿದ್ದರೆ ಒಪ್ಪಿಗೆ ಅಂದುಕೊಳ್ಳುವುದು ಒಂದೆರಡು ದಿನ ತಡವಾದರೂ ನಡೆಯುವ ಕೆಲಸಕ್ಕೆ ಮಾತ್ರ. ತಡವಾದರೆ ಗ್ರಾಹಕರಿಗೆ ನಷ್ಟವಾಗುವಂತಿದ್ದರೆ ಮಿಂಚೆ ಸಾಲದು, ಫೋನ್ ಮಾಡಿ.

ಪ್ರಶ್ನೆಗಳಿದ್ದರೆ ಕೇಳಿ.