ಸುಸ್ಸು ಪಾಟಿಯಲ್ಲಿ, ಕಕ್ಕ ಮಾತ್ರ ಡೈಪರ್‌ನಲ್ಲಿ!

ಮೂರು ವರ್ಷದ ಒಂದು ಹುಡುಗಿ ಅಂದ್ಕೊಳ್ಳಿ. ಸುಸ್ಸು ಬಂದ್ರೆ ತಾನೇ ಓಡಿಹೋಗಿ ಪಾಟಿ ಮೇಲೆ ಕೂರ್ತಾಳೆ. ಕಕ್ಕ ಬಂದ್ರೆ ಮಾತ್ರ "ಅಮ್ಮಾ, ಡೈಪರ್ ಹಾಕು" ಅಂತಾಳೆ. ಹಾಕಿದ ಮೇಲೆ ಪರದೆ ಹಿಂದೆ ನಿಂತು ಮಾಡ್ತಾಳೆ.

ಅಜ್ಜಿ ಇದನ್ನ ಹಟ ಅಂತಾರೆ. ಆದ್ರೆ ಕಕ್ಕ ಬರೋದು ಅವಳಿಗೆ ಮೊದಲೇ ಗೊತ್ತಾಗುತ್ತೆ, ಹೇಳ್ತಾಳೆ, ಸ್ವಲ್ಪ ಹೊತ್ತು ತಡ್ಕೊಳ್ತಾಳೆ. ಇವೆಲ್ಲ ಮಗು ರೆಡಿ ಇರೋ ಲಕ್ಷಣಗಳೇ. ಅಡ್ಡ ಬರೋದು ಹೆಚ್ಚಾಗಿ ಭಯ. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾದ್ರೆ, ಮುಂದಿನ ಸಲ ಮಗು ಬಿಗಿಹಿಡಿಯುತ್ತೆ. ಒಳಗೆ ಉಳಿದಷ್ಟೂ ಮಲದ ನೀರಿನಂಶ ಕಮ್ಮಿಯಾಗಿ ಇನ್ನೂ ಗಟ್ಟಿಯಾಗುತ್ತೆ, ನೋವೂ ಹೆಚ್ಚುತ್ತೆ.

ಅದಕ್ಕೇ ಡೈಪರ್ ಕಿತ್ಕೊಳ್ಳಬೇಡಿ. ಮೊದಲು ನೀರು, ಹಣ್ಣು, ಸೊಪ್ಪು ಕೊಟ್ಟು ಮಲ ಮೆತ್ತಗಾಗಲಿ. ಕೆಲವು ವಾರ ನೋವಿಲ್ಲದೆ ಹೋದ ಮೇಲೆ, ಡೈಪರ್ ಹಾಕಿದ್ರೂ ಬಾತ್‌ರೂಮಲ್ಲೇ ಮಾಡಲಿ. ಆಮೇಲೆ ಡೈಪರ್ ಸಮೇತ ಪಾಟಿ ಮೇಲೆ ಕೂರಲಿ. ಕೊನೆಗೆ ಡೈಪರ್ ಸಡಿಲ ಮಾಡ್ತಾ ಬಂದು ತೆಗೆದುಬಿಡಿ. ಮಗು ಒಂದು ಹೆಜ್ಜೆಗೆ ಒಪ್ಪದಿದ್ರೆ ಹಿಂದಿನದಕ್ಕೇ ವಾಪಸ್ ಹೋಗಿ.

ಜೊತೆಗೆ ದಿನಾ ತಿಂಡಿ ಆದ ಮೇಲೆ ಐದೇ ನಿಮಿಷ ಕೂರಿಸಿ, ಯಾಕಂದ್ರೆ ಹೊಟ್ಟೆ ತುಂಬಿದಾಗ ಕರುಳು ಚುರುಕಾಗುತ್ತೆ. ಪಾದ ನೇತಾಡದೆ ನೆಲಕ್ಕೋ ಮಣೆಗೋ ಊರಿರಲಿ. ಬರಲಿಲ್ವಾ? ಬೈಯದೆ ಎಬ್ಬಿಸಿ. ಅಜ್ಜಿ ಮನೇಲೂ ಇದೇ ಕ್ರಮ ಇರಲಿ.

ಒಂದು ಎಚ್ಚರಿಕೆ: ದಿನಗಟ್ಟಲೆ ಹೋಗದ ಮಗುವಿನ ಚಡ್ಡಿಯಲ್ಲಿ ತೆಳ್ಳಗೆ ಕಲೆ ಕಂಡ್ರೆ ಅದನ್ನ ಭೇದಿ ಅಂದ್ಕೋಬೇಡಿ. ಗಟ್ಟಿ ಮಲದ ಪಕ್ಕದಿಂದ ಸೋರ್ತಿರಬಹುದು. ಹಾಗಾದ್ರೆ, ಅಥವಾ ರಕ್ತ ಕಂಡ್ರೆ, ಮಕ್ಕಳ ಡಾಕ್ಟರ್‌ಗೆ ತೋರಿಸಿ.