ಶೇಕಡಾವಾರು ಅಂಕಿಯ ಹಿಂದೆ ಏನಿದೆ?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗಗಳನ್ನು ತಯಾರಿಸುವ ಸಣ್ಣ, ಮಧ್ಯಮ ಕಾರ್ಖಾನೆಗಳು ಅನೇಕ ಇವೆ. ಅಂಥ ಒಂದು ಕಾರ್ಖಾನೆ ಗುಣಮಟ್ಟ ಎಂಜಿನಿಯರ್ ಹುದ್ದೆಗೆ ಅರ್ಜಿ ಕರೆದಿದೆ ಎಂದು ಭಾವಿಸೋಣ. ಪ್ರಕಟಣೆಯಲ್ಲಿ ಎರಡು ಬೇಡಿಕೆಗಳಿವೆ. ಒಂದು, ಆಡಿಟ್ ನಡೆಸಿದ ಅನುಭವವಿರಬೇಕು. ಎರಡು, ದೋಷಗಳನ್ನು ಕಡಿಮೆ ಮಾಡಿದ ಫಲಿತಾಂಶವನ್ನು ತೋರಿಸಬೇಕು.

ಎರಡು ಅರ್ಜಿಗಳು ಬಂದಿವೆ. ಮೊದಲನೆಯವರ ಸ್ವವಿವರದಲ್ಲಿ, ಅಂದರೆ ರೆಸ್ಯೂಮೆಯಲ್ಲಿ, ಹೀಗಿದೆ: "ಐ.ಎಸ್.ಒ. 9001 ಆಡಿಟ್‌ಗಳಲ್ಲಿ ಭಾಗವಹಿಸಿದ್ದೇನೆ. ತಿರಸ್ಕೃತ ಭಾಗಗಳನ್ನು ಶೇಕಡಾ 60ರಷ್ಟು ಕಡಿಮೆ ಮಾಡಿದ್ದೇನೆ." ಎರಡನೆಯವರದು ಹೀಗಿದೆ: "ತಿಂಗಳಿಗೆ ಸುಮಾರು 40,000 ಬುಶ್‌ಗಳ ತಯಾರಿಕೆಯಲ್ಲಿ, ರೀವರ್ಕ್ ಸೇರಿದಂತೆ ದೋಷ ಶೇಕಡಾ 2ರಿಂದ 1.3ಕ್ಕೆ ಇಳಿದು ಆರು ತಿಂಗಳು ಹಾಗೆಯೇ ನಿಂತಿದೆ. ಪ್ರೆಸ್ ಶಾಪ್ ಮತ್ತು ಉಗ್ರಾಣದಲ್ಲಿ ನಾಲ್ಕು ಆಂತರಿಕ ಆಡಿಟ್ ನಡೆಸಿದ್ದೇನೆ."

ಮೇಲುನೋಟಕ್ಕೆ ಮೊದಲನೆಯವರೇ ಗಟ್ಟಿ. ಅವರದು ಶೇಕಡಾ 60ರ ಇಳಿಕೆ. ಎರಡನೆಯವರ ಲೆಕ್ಕವನ್ನು ಮಾಡಿದರೆ ಸಿಗುವುದು ಶೇಕಡಾ 35 ಮಾತ್ರ. ಆದರೆ ಅನುಭವಿ ಗುಣಮಟ್ಟ ವ್ಯವಸ್ಥಾಪಕರು ಎರಡನೆಯ ಅರ್ಜಿಯನ್ನೇ ಮೇಲಿಡುವ ಸಂಭವ ಹೆಚ್ಚು. ಏಕೆಂದು ನೋಡೋಣ.

ಮೊದಲ ಪ್ರಶ್ನೆ: ಶೇಕಡಾ 60 ಎಂದರೆ ಯಾವುದರ 60? ಮಾರ್ಚ್ ತಿಂಗಳಲ್ಲಿ 500 ಭಾಗಗಳು ತಿರಸ್ಕೃತವಾಗಿದ್ದವು, ಸೆಪ್ಟೆಂಬರಿನಲ್ಲಿ 200 ಆದವು ಎನ್ನಿ. ಇಳಿಕೆ ಶೇಕಡಾ 60 ನಿಜ. ಆದರೆ ಮಾರ್ಚಿನಲ್ಲಿ ತಯಾರಾದ ಭಾಗಗಳು 50,000, ಬೇಡಿಕೆ ಕುಸಿದಿದ್ದರಿಂದ ಸೆಪ್ಟೆಂಬರಿನಲ್ಲಿ ತಯಾರಾದದ್ದು 20,000 ಎಂದಾದರೆ? ಆಗಲೂ ನೂರಕ್ಕೆ ಒಂದು ಕೆಟ್ಟಿತ್ತು, ಈಗಲೂ ನೂರಕ್ಕೆ ಒಂದು ಕೆಟ್ಟಿದೆ. ಕೆಲಸದ ಗುಣಮಟ್ಟ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದ್ದರಿಂದಲೇ ಕಾರ್ಖಾನೆಗಳಲ್ಲಿ ದೋಷವನ್ನು ಒಟ್ಟು ತಯಾರಿಕೆಗೆ ಹೋಲಿಸಿ ಹೇಳುತ್ತಾರೆ. ಹತ್ತು ಲಕ್ಷ ಭಾಗಗಳಿಗೆ ಎಷ್ಟು ದೋಷ ಎಂಬ ಲೆಕ್ಕಕ್ಕೆ ಪಿ.ಪಿ.ಎಂ. ಎಂದು ಹೆಸರು. ನೂರಕ್ಕೆ ಒಂದು ಎಂದರೆ 10,000 ಪಿ.ಪಿ.ಎಂ. ಮೊದಲ ಅರ್ಜಿಯಲ್ಲಿ ಅಂಶವಿದೆ, ಛೇದವಿಲ್ಲ. ಛೇದವಿಲ್ಲದ ಭಿನ್ನರಾಶಿಗೆ ಬೆಲೆ ಕಟ್ಟಲು ಬರುವುದಿಲ್ಲ ಎಂಬುದು ನಿಮಗೆ ಪ್ರೌಢಶಾಲೆಯಲ್ಲೇ ತಿಳಿದಿದೆ.

ಎರಡನೆಯ ಪ್ರಶ್ನೆ: ಈ ಇಳಿಕೆ ಆಕಸ್ಮಿಕವೇ? ಒಂದು ತಿಂಗಳಲ್ಲಿ 10 ಭಾಗಗಳು ಕೆಟ್ಟು, ಮುಂದಿನ ತಿಂಗಳು ಅಷ್ಟೇ ತಯಾರಿಕೆಯಲ್ಲಿ 4 ಕೆಟ್ಟವು ಎನ್ನಿ. ಇದೂ ಶೇಕಡಾ 60ರ ಇಳಿಕೆಯೇ. ಆದರೆ ಯಾರೂ ಏನೂ ಮಾಡದಿದ್ದರೂ ಇಂಥ ಏರಿಳಿತ ಬರುತ್ತದೆ. ದೋಷಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುವಾಗ, ಎಣಿಕೆಯ ಸಹಜ ಏರಿಳಿತ ಸುಮಾರಾಗಿ ಆ ಎಣಿಕೆಯ ವರ್ಗಮೂಲದಷ್ಟಿರುತ್ತದೆ ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಹತ್ತರ ವರ್ಗಮೂಲ ಮೂರಕ್ಕೆ ಸ್ವಲ್ಪ ಹೆಚ್ಚು. ಆದುದರಿಂದ 10 ಇದ್ದದ್ದು 4 ಆದರೆ ಅದು ಸುಧಾರಣೆಯೋ ಅದೃಷ್ಟವೋ ಎಂದು ಹೇಳಲಾಗದು. ಈಗ ಎರಡನೆಯವರ ಅಂಕಿಯನ್ನು ತೆಗೆದುಕೊಳ್ಳಿ. 40,000ಕ್ಕೆ ಶೇಕಡಾ 2 ಎಂದರೆ 800 ಭಾಗಗಳು, ಶೇಕಡಾ 1.3 ಎಂದರೆ 520 ಭಾಗಗಳು. 800ರ ವರ್ಗಮೂಲ ಸುಮಾರು 28. ಇಳಿಕೆಯಾದದ್ದು 280, ಅಂದರೆ ಅದರ ಹತ್ತು ಪಟ್ಟು. ಅದೂ ಆರು ತಿಂಗಳು ನಿಂತಿದೆ. ಇದನ್ನು ಆಕಸ್ಮಿಕ ಎನ್ನುವುದು ಕಷ್ಟ. ಹಾಗೆಂದು ವರ್ಗಮೂಲದ ಲೆಕ್ಕ ಎಲ್ಲ ಕಡೆಗೂ ಹೊಂದುವುದಿಲ್ಲ. ಕೆಟ್ಟ ಉಕ್ಕಿನ ಒಂದು ಲಾಟ್ ಬಂದರೆ ನೂರಾರು ಭಾಗಗಳು ಒಟ್ಟಿಗೇ ಹಾಳಾಗುತ್ತವೆ. ಆಗ ಏರಿಳಿತ ಇನ್ನೂ ದೊಡ್ಡದಾಗಿರುತ್ತದೆ. ಒಂದು ತಿಂಗಳ ಅಂಕಿಗಿಂತ ಆರು ತಿಂಗಳ ಅಂಕಿ ನಂಬಿಕೆಗೆ ಅರ್ಹವಾಗುವುದು ಈ ಕಾರಣಕ್ಕೂ ಹೌದು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು: ದೋಷ ಹೋಯಿತೇ, ಅಥವಾ ಬೇರೆ ಕಾಲಂಗೆ ಹೋಗಿ ಕುಳಿತಿತೇ? ಬುಶ್ ಎಂದರೆ ನಡುವೆ ರಂಧ್ರವಿರುವ ಉಕ್ಕಿನ ಸಣ್ಣ ಕೊಳವೆ. ರಂಧ್ರದ ವ್ಯಾಸ 20 ಮಿಲಿಮೀಟರಿಗಿಂತ ಕಡಿಮೆ ಇರಕೂಡದು, 20.021ಕ್ಕಿಂತ ಹೆಚ್ಚಿರಕೂಡದು ಎಂದು ನಕ್ಷೆಯಲ್ಲಿದೆ ಎನ್ನಿ. ರಂಧ್ರ ದೊಡ್ಡದಾದರೆ ಆ ಬುಶ್ ಗುಜರಿಗೆ. ಚಿಕ್ಕದಾದರೆ ಮತ್ತೆ ಲೇತಿಗೆ ಕಟ್ಟಿ ಸ್ವಲ್ಪ ಕೊರೆದು ಸರಿಮಾಡಬಹುದು. ಇದೇ ರೀವರ್ಕ್. ಹೀಗೆ ಸರಿಮಾಡಿದ್ದನ್ನು ಕೆಲವರು ತಿರಸ್ಕೃತ ಎಂದು ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ. ಹೋದ ವರ್ಷ ಬರೆಯುತ್ತಿದ್ದವರು ಈ ವರ್ಷ ಬಿಟ್ಟರೆ ತಿರಸ್ಕೃತ ಭಾಗಗಳ ಸಂಖ್ಯೆ ಕಾಗದದ ಮೇಲೆ ದಿಢೀರನೆ ಇಳಿಯುತ್ತದೆ. ಯಂತ್ರವೂ ಅದೇ, ಕೆಲಸವೂ ಅದೇ. ಇನ್ನೂ ಅಪಾಯದ್ದೆಂದರೆ, ತಪಾಸಣೆಯಲ್ಲಿ ಕೈ ಸಡಿಲ ಬಿಟ್ಟರೂ ತಿರಸ್ಕಾರ ಕಡಿಮೆಯಾಗುತ್ತದೆ. ಆಗ ಕೆಟ್ಟ ಭಾಗಗಳು ಗ್ರಾಹಕ ಕಂಪನಿಗೆ ಹೋಗಿ ಅಲ್ಲಿಂದ ಹಿಂತಿರುಗುತ್ತವೆ. ಆದ್ದರಿಂದ ಗುಜರಿ, ರೀವರ್ಕ್, ಗ್ರಾಹಕರು ಹಿಂತಿರುಗಿಸಿದ್ದು, ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಒಂದು ಇಳಿದು ಇನ್ನೊಂದು ಏರಿದ್ದರೆ ಅದು ಸುಧಾರಣೆಯಲ್ಲ. ಎರಡನೆಯ ಅರ್ಜಿಯಲ್ಲಿರುವ "ರೀವರ್ಕ್ ಸೇರಿದಂತೆ" ಎಂಬ ಎರಡು ಪದಗಳ ತೂಕ ಈಗ ನಿಮಗೆ ತಿಳಿಯಿತು. ಆದರೂ ಗ್ರಾಹಕರಿಂದ ಹಿಂತಿರುಗಿದವುಗಳ ವಿಷಯ ಅದರಲ್ಲಿಲ್ಲ. ಅದನ್ನು ಸಂದರ್ಶನದಲ್ಲಿ ಕೇಳಬೇಕು.

ಸಂದರ್ಶನದಲ್ಲಿ ಕೇಳಬೇಕಾದ ಇನ್ನೊಂದು ಮಾತು: "ದೋಷ ಯಾಕೆ ಬರುತ್ತಿತ್ತು? ನೀವು ಏನು ಮಾಡಿದಿರಿ?" ಕೆಲಸ ಮಾಡಿದವರ ಉತ್ತರ ಸುಮಾರಾಗಿ ಹೀಗಿರುತ್ತದೆ: "ಸಾರ್, ಅಲ್ಲಿ ಪ್ಲಗ್ ಗೇಜ್ ಹಾಕಿ ನೋಡುತ್ತಿದ್ದರು. ಗೇಜ್ ಒಳಗೆ ಹೋದರೆ ಸರಿ, ಹೋಗದಿದ್ದರೆ ತಪ್ಪು. ಎಷ್ಟು ಅಳತೆ ಎಂದು ಅದು ಹೇಳುವುದಿಲ್ಲ. ನಾವು ಪ್ರತಿ 25ನೆಯ ಬುಶ್ ತೆಗೆದು ಬೋರ್ ಗೇಜಿನಲ್ಲಿ ಅಳೆದು, ತಯಾರಾದ ಕ್ರಮದಲ್ಲೇ ಗ್ರಾಫ್ ಹಾಕಿದೆವು. ಕೊರೆಯುವ ಟೂಲಿನ ಇನ್ಸರ್ಟ್ ಸವೆದ ಹಾಗೆ ರಂಧ್ರ ಚಿಕ್ಕದಾಗುತ್ತಾ ಬಂದು, ಸುಮಾರು 300 ಬುಶ್ ಆದ ಮೇಲೆ ಮಿತಿ ದಾಟುತ್ತಿತ್ತು. ಆಪರೇಟರ್‌ಗಳು ಗೇಜ್ ಹೋಗದೆ ಇದ್ದಾಗಷ್ಟೇ ಇನ್ಸರ್ಟ್ ಬದಲಿಸುತ್ತಿದ್ದರು. ಈಗ 200ಕ್ಕೇ ಬದಲಿಸುತ್ತೇವೆ. ಯಂತ್ರದ ಕೌಂಟರಿನಲ್ಲೇ ಅದನ್ನು ಹಾಕಿದ್ದೇವೆ. ಉಳಿದ ದೋಷ ಹಿಡಿತದ್ದು. ಚಕ್ ಒತ್ತಿ ಹಿಡಿದಾಗ ಬುಶ್ ಸ್ವಲ್ಪ ಅಂಡಾಕಾರವಾಗುತ್ತದೆ. ಅದಿನ್ನೂ ಬಗೆಹರಿದಿಲ್ಲ."

ಈ ಉತ್ತರದಲ್ಲಿ ಕಾರಣವಿದೆ, ಕಾರಣ ಕಂಡುಕೊಂಡ ದಾರಿಯಿದೆ, ಮಾಡಿದ ಬದಲಾವಣೆಯಿದೆ, ಉಳಿದಿರುವ ತೊಂದರೆಯೂ ಇದೆ. ಬದಲಿಗೆ "ಆಪರೇಟರ್‌ಗಳಿಗೆ ತಿಳಿವಳಿಕೆ ಕೊಟ್ಟೆವು, ತಪಾಸಣೆ ಬಿಗಿ ಮಾಡಿದೆವು" ಎಂಬ ಉತ್ತರ ಬಂದರೆ ಮೂಲ ಕಾರಣ ಸಿಕ್ಕಿರಲಿಲ್ಲ ಎಂದು ಅನುಮಾನಿಸಬಹುದು. ತಪಾಸಣೆ ಕೆಟ್ಟದ್ದನ್ನು ಹಿಡಿಯುತ್ತದೆ. ಕೆಡುವುದನ್ನು ನಿಲ್ಲಿಸುವುದಿಲ್ಲ.

ಇನ್ನು ಆಡಿಟ್. ಈ ಮಾತು ಕೇಳಿದೊಡನೆ ಲೆಕ್ಕಪತ್ರಗಳ ತಪಾಸಣೆ ನೆನಪಾಗುತ್ತದೆ. ಇಲ್ಲಿ ಅದಲ್ಲ. ಕಾರ್ಖಾನೆ ತಾನು ಬರೆದಿಟ್ಟ ರೀತಿಯಲ್ಲೇ ಕೆಲಸ ಮಾಡುತ್ತಿದೆಯೇ ಎಂದು ಸಾಕ್ಷ್ಯ ನೋಡಿ ತೀರ್ಮಾನಿಸುವುದು ಗುಣಮಟ್ಟದ ಆಡಿಟ್. ಕಾರ್ಖಾನೆ ತನ್ನನ್ನು ತಾನೇ ನೋಡಿಕೊಳ್ಳುವುದು ಆಂತರಿಕ ಆಡಿಟ್. ಗ್ರಾಹಕ ಕಂಪನಿ ಬಂದು ನೋಡುವುದು ಒಂದು ಬಗೆ, ಪ್ರಮಾಣಪತ್ರ ಕೊಡುವ ಸಂಸ್ಥೆ ಬಂದು ನೋಡುವುದು ಮತ್ತೊಂದು. ಮೊದಲನೆಯ ಅರ್ಜಿದಾರರು ಆಡಿಟ್‌ಗಳಲ್ಲಿ "ಭಾಗವಹಿಸಿದ್ದೇನೆ" ಎನ್ನುತ್ತಾರೆ. ಹೊರಗಿನವರು ಬಂದಾಗ ಕಡತ ತೆಗೆದುಕೊಟ್ಟವರೂ ಭಾಗವಹಿಸಿದವರೇ. ಪ್ರಶ್ನೆ ಕೇಳಿ, ಸಾಕ್ಷ್ಯ ನೋಡಿ, ಕೊರತೆಯನ್ನು ಬರೆದವರೂ ಭಾಗವಹಿಸಿದವರೇ. ಹುದ್ದೆಗೆ ಬೇಕಾದದ್ದು ಎರಡನೆಯ ಅನುಭವ. ಇನ್ನೂ ಒಂದು ಗಮನಿಸಿ. ಆಡಿಟ್ ನಿಷ್ಪಕ್ಷಪಾತವಾಗಿರುವಂತೆ ಆಡಿಟರ್‌ಗಳನ್ನು ಆರಿಸಬೇಕೆಂದು ಐ.ಎಸ್.ಒ. 9001 ಹೇಳುತ್ತದೆ. ತನ್ನ ಕೆಲಸವನ್ನು ತಾನೇ ಆಡಿಟ್ ಮಾಡಿದೆನೆಂದರೆ ಅದಕ್ಕೆ ಬೆಲೆಯಿಲ್ಲ. ಎರಡನೆಯವರು ಕೆಲಸ ಮಾಡಿದ್ದು ಬುಶ್ ವಿಭಾಗದಲ್ಲಿ, ಆಡಿಟ್ ಮಾಡಿದ್ದು ಪ್ರೆಸ್ ಶಾಪ್ ಮತ್ತು ಉಗ್ರಾಣದಲ್ಲಿ. ಇದು ಸರಿಯಾದ ಕ್ರಮ.

ಆಡಿಟರ್‌ನ ಅನುಭವದ ಆಳ ಅಳೆಯಲು ಒಂದೇ ಪ್ರಶ್ನೆ ಸಾಕು: "ನೀವು ಕಂಡುಹಿಡಿದ ಒಂದು ಕೊರತೆ ಹೇಳಿ, ಅದು ಹೇಗೆ ಮುಗಿಯಿತು?" ಪ್ರೆಸ್ ಶಾಪಿನಲ್ಲಿ ಅವಧಿ ಮೀರಿದ ಮೈಕ್ರೋಮೀಟರ್ ಬಳಕೆಯಲ್ಲಿತ್ತು ಎಂಬ ಉತ್ತರ ಬಂತು ಎನ್ನಿ. ಅಂದರೆ ಅದರ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಬೇಕಾದ ದಿನಾಂಕ ಕಳೆದಿತ್ತು. "ಪರೀಕ್ಷೆ ಮಾಡಿಸಿ ಹೊಸ ಚೀಟಿ ಅಂಟಿಸಿದೆವು" ಎಂದರೆ ಅದು ತಕ್ಷಣದ ತಿದ್ದುಪಡಿ ಮಾತ್ರ. ನಿಜವಾದ ಆಡಿಟರ್ ಇನ್ನೆರಡು ಹೆಜ್ಜೆ ಹೋಗಿರುತ್ತಾನೆ. ಪರೀಕ್ಷೆಯಲ್ಲಿ ಮೈಕ್ರೋಮೀಟರ್ ತಪ್ಪು ತೋರಿಸಿದ್ದರೆ, ಅದರಲ್ಲಿ ಈಗಾಗಲೇ ಅಳೆದು ಕಳಿಸಿದ ಭಾಗಗಳ ಗತಿಯೇನು? ದಿನಾಂಕ ಕಳೆದದ್ದು ಯಾರ ಗಮನಕ್ಕೂ ಏಕೆ ಬರಲಿಲ್ಲ? ಉಪಕರಣವನ್ನು ಬೇರೆ ವಿಭಾಗದಿಂದ ಎರವಲು ತಂದಿದ್ದರು, ಪ್ರೆಸ್ ಶಾಪಿನ ಪಟ್ಟಿಯಲ್ಲಿ ಅದು ಇರಲೇ ಇಲ್ಲ ಎಂದು ತಿಳಿದರೆ, ಸರಿಪಡಿಸಬೇಕಾದದ್ದು ಎರವಲು ಕೊಡುವ ಕ್ರಮ. ಮೂರು ತಿಂಗಳ ನಂತರ ಮತ್ತೆ ಹೋಗಿ ಆ ಕ್ರಮ ನಡೆಯುತ್ತಿದೆಯೇ ಎಂದು ನೋಡಿ ಬಂದವರು ಕೊರತೆಯನ್ನು ನಿಜವಾಗಿ ಮುಗಿಸಿದವರು.

ಇಷ್ಟೆಲ್ಲ ನೋಡಿದ ಮೇಲೂ ರೆಸ್ಯೂಮೆಗೆ ಅದರದೇ ಮಿತಿಗಳಿವೆ. ಗ್ರಾಹಕರ ಹೆಸರನ್ನು, ಕಾರ್ಖಾನೆಯ ಒಳಗಿನ ಅಂಕಿಗಳನ್ನು ಹೊರಗೆ ಹೇಳಬಾರದೆಂಬ ಕರಾರು ಇರಬಹುದು. ಆಗಲೂ ಪ್ರಮಾಣವನ್ನು, ಅವಧಿಯನ್ನು, ವಿಧಾನವನ್ನು ಹೇಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆಗಲೇ ಹತ್ತು ಲಕ್ಷಕ್ಕೆ ಐವತ್ತರಷ್ಟು ಮಾತ್ರ ದೋಷವಿರುವ ವಿಭಾಗದಲ್ಲಿ ಕೆಲಸ ಮಾಡಿದವರು ದೊಡ್ಡ ಇಳಿಕೆ ತೋರಿಸಲಾರರು. ಅದನ್ನು ಹಾಗೆಯೇ ಕಾಯ್ದುಕೊಂಡದ್ದೇ ಅವರ ಫಲಿತಾಂಶ. ಮೊದಲನೆಯ ಅರ್ಜಿದಾರರೂ ನಿಜವಾಗಿ ಒಳ್ಳೆಯ ಕೆಲಸ ಮಾಡಿ, ಬರೆಯಲು ಬಾರದೆ ಹೋಗಿರಬಹುದು. ಆದುದರಿಂದ ಅವರ ಅರ್ಜಿಯನ್ನು ಬದಿಗೆ ಸರಿಸುವ ಮುನ್ನ ಅವರಿಗೂ ಇದೇ ಪ್ರಶ್ನೆಗಳನ್ನು ಕೇಳುವುದು ನ್ಯಾಯ. ಉತ್ತರದಲ್ಲಿ ಛೇದ, ಅವಧಿ, ಕಾರಣ ಈ ಮೂರೂ ಬಂದರೆ ಅವರ ಶೇಕಡಾ 60ಕ್ಕೂ ಅರ್ಥ ಬರುತ್ತದೆ.